ವಾರದ ಮೆಣಸಿನಕಾಯಿ ದರ: ನನ್ನ ಚಾರ್ಟ್ ಇಳಿದಿದೆ ಅನ್ನುತ್ತೆ, ರೈತರು ಏರಿದೆ ಅಂತಾರೆ. ಯಾರದು ಸರಿ?

ಹಾವೇರಿ ಹುಡುಗ
ನಮಸ್ಕಾರ ಎಲ್ಲರಿಗೂ. ನಮ್ಮ ರೈತ ಉತ್ಪಾದಕ ಕಂಪನಿಯ ವಾಟ್ಸಾಪ್ ಗುಂಪಿಗೆ ಪ್ರತಿ ಶನಿವಾರ ಒಂದು ಪುಟದ ದರಪಟ್ಟಿ ಹಾಕುವ ಕೆಲಸ ನನ್ನ ತಲೆಗೆ ಬಂದಿದೆ. ರಾಜ್ಯದ ಕೃಷಿ ಮಾರಾಟವಾಹಿನಿ ತಾಣದಿಂದ ಬ್ಯಾಡಗಿ ಮಾರುಕಟ್ಟೆಯ ಆವಕ ಮತ್ತು ಮೋಡಲ್ ದರ ತೆಗೆದುಕೊಳ್ಳುತ್ತೇನೆ. ಒಣ ಮೆಣಸಿನಕಾಯಿಯ ಎಲ್ಲ ಸಾಲುಗಳನ್ನೂ ಸೇರಿಸಿ, ಆವಕದ ತೂಕ ಕೊಟ್ಟು ವಾರಕ್ಕೆ ಒಂದು ಸರಾಸರಿ ದರ ಮಾಡಿ, ಗೆರೆ ಎಳೆದು ಕಳಿಸುತ್ತೇನೆ.

ಈ ವಾರ ಗೆರೆ ಜೋರಾಗಿ ಕೆಳಗೆ ಹೋಗಿದೆ. ಗುಂಪಿನಲ್ಲಿ ಗಲಾಟೆ. "ನನ್ನ ಕಡ್ಡಿ ಮೆಣಸಿನಕಾಯಿಗೆ ಹೋದ ವಾರಕ್ಕಿಂತ ಜಾಸ್ತಿ ಸಿಕ್ಕಿದೆ, ನೀನು ಇಳಿದಿದೆ ಅಂತ ಯಾಕೆ ಹಾಕ್ತೀಯ" ಅಂತ ಒಬ್ಬರು ಬಿಲ್ಲಿನ ಫೋಟೋನೇ ಹಾಕಿದ್ದಾರೆ. ಸೂತ್ರ ಎರಡೆರಡು ಸಲ ನೋಡಿದೆ, ಕೂಡೋದು ಭಾಗಿಸೋದು ಎಲ್ಲ ಸರಿ ಇದೆ. ಹಾಗಾದ್ರೆ ಏನಾಗಿದೆ?

ಕೋಲಾರದ ಕೆಂಪು
ಬ್ರದರ್, ಮುಂದಿನ ವಾರ ಟೊಮೆಟೊ ಎಷ್ಟಾಗಬಹುದು? ಬಾಕ್ಸ್ ಲೆಕ್ಕದಲ್ಲಿ ಹೇಳಿ.

ಹಾವೇರಿ ಹುಡುಗ
ಅಣ್ಣ, ಭವಿಷ್ಯ ಹೇಳುವ ಕೆಲಸ ಅಲ್ಲ ನಂದು. ಆಗಿಹೋದ ವಾರದ್ದನ್ನೇ ನೆಟ್ಟಗೆ ಹೇಳೋಕೆ ಆಗ್ತಿಲ್ಲ ನೋಡಿ.

ಗೆರೆ ಗೀಚುವವ
ಆವಕದ ತೂಕ ಕೊಟ್ಟಿದ್ದೇ ತಪ್ಪು. ಸುಮ್ನೆ ಎಲ್ಲ ಮೋಡಲ್ ದರಗಳನ್ನು ಕೂಡಿ ಎಣಿಕೆಯಿಂದ ಭಾಗಿಸಿ. ಮೋಡಲ್ ಅಂದ್ರೇನೇ ಕನಿಷ್ಠ ಮತ್ತು ಗರಿಷ್ಠದ ನಡುವಿನ ದರ. ಅದು ಆಗಲೇ ಸರಾಸರಿ. ಸರಾಸರಿಗೆ ಇನ್ನೊಂದು ಸರಾಸರಿ ಯಾಕೆ?

ಮಂಡಿ ಮುನ್ಷಿ
ಗೆರೆಯವರೇ, ಅದು ಹಾಗಲ್ಲ ರೀ. ಎಷ್ಟೋ ವರ್ಷ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವನು ನಾನು. ಟೆಂಡರ್ ಮುಗಿದ ಮೇಲೆ ಹೆಚ್ಚು ಮಾಲು ಯಾವ ದರದ ಆಸುಪಾಸಿನಲ್ಲಿ ಹೋಗಿದೆಯೋ ಅದು ಮೋಡಲ್. ನಡುವಿನ ದರ ಅಲ್ಲ.

ಕನಿಷ್ಠ 3,000, ಗರಿಷ್ಠ 40,000 ಅಂತ ಇಟ್ಕೊಳ್ಳಿ. ನಡು ತೆಗೆದರೆ 21,500 ಬರುತ್ತೆ. ಆ ದರಕ್ಕೆ ಅವತ್ತು ಒಂದು ಚೀಲವೂ ಹೋಗಿರಲಿಕ್ಕಿಲ್ಲ. 3,000ಕ್ಕೆ ಹೋದದ್ದು ಮೂಲೆಯಲ್ಲಿ ಬಿದ್ದ, ಬಣ್ಣ ಬಿಟ್ಟ, ಮುರಿದ ಕಾಯಿಯ ಒಂದು ಲಾಟು. 40,000ಕ್ಕೆ ಹೋದದ್ದು ಕನ್ನಡಿ ಹಾಗೆ ಹೊಳೆಯುವ ಇನ್ನೊಂದು ಲಾಟು. ಉಳಿದ ರಾಶಿಯೆಲ್ಲ 30,000 ಸುತ್ತಮುತ್ತ ಹೋಗಿದ್ದರೆ ಮೋಡಲ್ 30,000. ಪೇಪರಿನಲ್ಲಿ ಅದನ್ನೇ ಕೆಲವು ಸಲ ಸರಾಸರಿ ಅಂತ ಹಾಕ್ತಾರೆ, ಅದಕ್ಕೇ ಎಲ್ಲರಿಗೂ ಗೊಂದಲ.

ಹುಡುಗನಿಗೆ ಒಂದು ಪ್ರಶ್ನೆ. ನಿನ್ನ ಸಾಲುಗಳಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಮೂರೂ ತಳಿ ಇವೆಯಾ? ಮೂರನ್ನೂ ಒಂದೇ ಬುಟ್ಟಿಗೆ ಸುರಿದಿದ್ದೀಯಾ?

ಹಾವೇರಿ ಹುಡುಗ
ಹೌದು ಮುನ್ಷಿಗಳೇ. ಬೆಳೆ ಒಂದೇ ಅಲ್ವಾ, ಒಣ ಮೆಣಸಿನಕಾಯಿ.

ಮಂಡಿ ಮುನ್ಷಿ
ಹಾಗಾದರೆ ಸಿಕ್ಕಿತು. ಈ ವಾರ ಗುಂಟೂರು ಎಷ್ಟು ಬಂದಿದೆ ನೋಡು. ಹೋದ ವಾರಕ್ಕಿಂತ ಎರಡು ಮೂರು ಪಟ್ಟು ಇರಬೇಕು.

ಹಾವೇರಿ ಹುಡುಗ
ಈಗ ನೋಡಿದೆ. ಹೆಚ್ಚುಕಡಿಮೆ ಮೂರು ಪಟ್ಟು! ಹೇಗೆ ಗೊತ್ತಾಯ್ತು?

ಲೆಕ್ಕದ ಮೇಷ್ಟ್ರು
ಮುನ್ಷಿಗಳು ನಾಡಿ ಹಿಡಿದು ಹೇಳಿದ್ದಾರೆ. ನಾನು ಅಂಕಿ ಇಟ್ಟು ಹೇಳ್ತೇನೆ. ಇವು ಮಾರುಕಟ್ಟೆಯ ನಿಜವಾದ ದರ ಅಲ್ಲ, ಲೆಕ್ಕ ಸುಲಭ ಆಗಲಿ ಅಂತ ದುಂಡಗೆ ಮಾಡಿಕೊಂಡದ್ದು.

ಮೊದಲ ವಾರ ಡಬ್ಬಿ 1,000 ಕ್ವಿಂಟಲ್ ಬಂತು, ದರ 40,000. ಕಡ್ಡಿ 3,000 ಕ್ವಿಂಟಲ್, ದರ 30,000. ಗುಂಟೂರು 2,000 ಕ್ವಿಂಟಲ್, ದರ 15,000. ಆವಕದ ತೂಕ ಕೊಟ್ಟರೆ ಒಟ್ಟು ಸರಾಸರಿ 26,667.

ಎರಡನೇ ವಾರ ಮೂರಕ್ಕೂ ಒಂದೊಂದು ಸಾವಿರ ಏರಿತು. ಡಬ್ಬಿ 41,000, ಕಡ್ಡಿ 31,000, ಗುಂಟೂರು 16,000. ಡಬ್ಬಿ, ಕಡ್ಡಿ ಅಷ್ಟಷ್ಟೇ ಬಂದವು. ಗುಂಟೂರು ಮಾತ್ರ 6,000 ಕ್ವಿಂಟಲ್ ಬಂತು. ಈಗ ಅದೇ ಸೂತ್ರ ಹಾಕಿ. ಸರಾಸರಿ 23,000.

ಒಬ್ಬ ರೈತನಿಗೂ ಕಡಿಮೆ ದರ ಸಿಕ್ಕಿಲ್ಲ. ಆದರೂ ನಿಮ್ಮ ಗೆರೆ ಮೂರೂವರೆ ಸಾವಿರಕ್ಕಿಂತ ಜಾಸ್ತಿ ಕೆಳಗೆ ಬಂತು. ಬದಲಾಗಿದ್ದು ದರ ಅಲ್ಲ, ರಾಶಿಯಲ್ಲಿ ಯಾವುದು ಎಷ್ಟಿದೆ ಅನ್ನುವುದು. ಕಡ್ಡಿ ಬೆಳೆದವರು ಬಿಲ್ಲಿನ ಫೋಟೋ ಹಾಕಿ ಬೈದದ್ದು ನ್ಯಾಯವೇ.

ಗೆರೆ ಗೀಚುವವ
ಅದಕ್ಕೇ ಹೇಳಿದ್ದು, ತೂಕ ಬೇಡ ಅಂತ. ಮೂರರ ಸಾದಾ ಸರಾಸರಿ ತೆಗೆದರೆ 28,333ರಿಂದ 29,333 ಆಗುತ್ತೆ. ಸರಿಯಾಗಿ ಸಾವಿರ ಏರಿಕೆ. ಈಗೇನಂತೀರಿ?

ಲೆಕ್ಕದ ಮೇಷ್ಟ್ರು
ಈ ಅಂಕಿಗಳಿಗೆ ಸರಿ ಬಂತು, ಒಪ್ಪಿದೆ. ಆದರೆ ಎರಡನೇ ವಾರ ಡಬ್ಬಿ ಮಾರುಕಟ್ಟೆಗೆ ಬರಲೇ ಇಲ್ಲ ಅಂದ್ಕೊಳ್ಳಿ. 31,000 ಮತ್ತು 16,000ದ ಸರಾಸರಿ 23,500. ಮತ್ತೆ ಅದೇ ಗುಂಡಿಗೆ ಬಿದ್ದಿರಿ. ಅಲ್ಲದೆ ನಾಲ್ಕು ಚೀಲ ಬಂದ ತಳಿಗೂ ನಾಲ್ಕು ಲಾರಿ ಬಂದ ತಳಿಗೂ ಒಂದೇ ಮಹತ್ವ ಕೊಟ್ಟ ಹಾಗಾಗುತ್ತೆ.

ಮಲೆನಾಡ ತೋಟ
ನಮ್ಮ ಅಡಿಕೆಯಲ್ಲೂ ಇದೇ ಕಥೆ. ಶಿವಮೊಗ್ಗದಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಬೇರೆ ಬೇರೆ ದರ. ಸರಕಿಗೂ ಗೊರಬಲಿಗೂ ಆಕಾಶ ಭೂಮಿ ವ್ಯತ್ಯಾಸ. "ಅಡಿಕೆ ದರ ಇಳಿಕೆ" ಅಂತ ಒಂದೇ ಸಾಲಿನ ಸುದ್ದಿ ಬಂದಾಗ ನಾವು ಮೊದಲು ಕೇಳೋದು, ಯಾವ ಅಡಿಕೆ ಮಾರಾಯ?

ಅಂದಹಾಗೆ ಈ ಸಲ ಮಳೆಗೆ ಕೊಳೆ ರೋಗ ಯಾರಿಗೆಲ್ಲ ಬಂದಿದೆ? ಔಷಧಿ ಹೊಡೆಯೋಕೆ ಜನ ಸಿಗ್ತಿಲ್ಲ ಇಲ್ಲಿ.

ಸವಿ ಸ್ಪ್ರೆಡ್‌ಶೀಟ್
ಕೊಳೆ ರೋಗಕ್ಕೆ ಬೇರೆ ಎಳೆ ಶುರು ಮಾಡಿ ಅಣ್ಣ, ಪ್ಲೀಸ್ 😄

ಹುಡುಗನಿಗೆ: ತೂಕ ಕೊಡೋದನ್ನ ಬಿಡಬೇಡಿ, ಆದರೆ ಒಂದು ತಳಿಯ ಒಳಗೆ ಮಾತ್ರ ಕೊಡಿ. ಕಡ್ಡಿ ಸೋಮವಾರ 2,000 ಕ್ವಿಂಟಲ್ 30,000ಕ್ಕೆ, ಗುರುವಾರ 500 ಕ್ವಿಂಟಲ್ 33,000ಕ್ಕೆ ಹೋದರೆ ವಾರದ ದರ 30,600. ಸಾದಾ ಸರಾಸರಿ 31,500 ಅನ್ನುತ್ತೆ, ಆದರೆ ಬಹುಪಾಲು ಜನ ಸೋಮವಾರವೇ ಮಾರಿ ಮನೆಗೆ ಹೋಗಿದ್ದಾರೆ. ನಾನು ನಮ್ಮ ಕಚೇರಿಯಲ್ಲಿ ಬಳಸೋದು ಇಷ್ಟೇ:

```python
df["date"] = pd.to_datetime(df["date"], format="%d/%m/%Y")
ok = df.dropna(subset=["arrival", "modal"]).copy()
ok["value"] = ok["arrival"] * ok["modal"]
g = ok.groupby(["variety", pd.Grouper(key="date", freq="W-SUN")])
w = g[["arrival", "value"]].sum()
w["price"] = w["value"] / w["arrival"]
w["price"].unstack("variety").asfreq("W-SUN").plot()
```

ಎರಡನೇ ಸಾಲು ಬಹಳ ಮುಖ್ಯ. ಕೆಲವು ದಿನ ಆವಕ ತುಂಬಿರುತ್ತೆ, ಮೋಡಲ್ ದರದ ಜಾಗ ಖಾಲಿ ಇರುತ್ತೆ. ಆ ಸಾಲನ್ನು ತೆಗೆಯದಿದ್ದರೆ `sum` ಖಾಲಿ ದರವನ್ನು ಸೊನ್ನೆ ಅಂತ ಎಣಿಸುತ್ತೆ, ಆದರೆ ಕ್ವಿಂಟಲ್ ಮಾತ್ರ ಕೆಳಗೆ ಭಾಜಕದಲ್ಲಿ ಕೂತಿರುತ್ತೆ. ಮೇಲಿನ ಉದಾಹರಣೆಯಲ್ಲಿ ಗುರುವಾರದ ದರ ಖಾಲಿ ಇದ್ದರೆ ಉತ್ತರ 24,000 ಬರುತ್ತೆ. ಶೀಟಿನಲ್ಲಿ `SUMPRODUCT` ಹಾಕುವವರಿಗೂ ಇದೇ ಗತಿ.

ಕಂಡುಹಿಡಿಯೋದು ಸುಲಭ. ವಾರದ ದರ ಯಾವತ್ತೂ ಆ ವಾರದ ಅತಿ ಕಡಿಮೆ ಮೋಡಲ್‌ಗಿಂತ ಕೆಳಗೆ ಹೋಗಬಾರದು, ಅತಿ ಹೆಚ್ಚಿನದಕ್ಕಿಂತ ಮೇಲೆ ಹೋಗಬಾರದು. ಹೋದರೆ ಎಲ್ಲೋ ಖಾಲಿ ಜಾಗವೋ ಬೇರೆ ತಪ್ಪೋ ಇದೆ ಅಂತ ಅರ್ಥ. ಒಟ್ಟು ಆವಕ ತೋರಿಸುವಾಗ ಮಾತ್ರ ಮೂಲ `df` ಬಳಸಿ, ಇಲ್ಲಾಂದ್ರೆ ಬಂದ ಮಾಲೇ ಕಡಿಮೆ ಕಾಣಿಸುತ್ತೆ.

ಹಾವೇರಿ ಹುಡುಗ
ಅಕ್ಕ, ತುಂಬಾ ಥ್ಯಾಂಕ್ಸ್. ಕೊನೆಯ ಸಾಲಿನ `asfreq` ಯಾಕೆ?

ಸವಿ ಸ್ಪ್ರೆಡ್‌ಶೀಟ್
ಹಬ್ಬಕ್ಕೋ ಮುಷ್ಕರಕ್ಕೋ ಇಡೀ ವಾರ ಮಾರುಕಟ್ಟೆ ಬಂದ್ ಆದರೆ ಆ ವಾರದ ಸಾಲೇ ಇರೋದಿಲ್ಲ. ಆಗ ಚಾರ್ಟ್ ಹಿಂದಿನ ವಾರದಿಂದ ಮುಂದಿನ ವಾರಕ್ಕೆ ಗೆರೆ ಎಳೆದು ಏನೂ ಆಗದ ಹಾಗೆ ತೋರಿಸುತ್ತೆ. ಇದು ಹಾಕಿದರೆ ಗೆರೆ ಅಲ್ಲಿ ತುಂಡಾಗುತ್ತೆ. ತುಂಡಾಗಿಯೇ ಇರಲಿ. ಕೆಲವರು ಹಿಂದಿನ ವಾರದ ದರವನ್ನೇ ತುಂಬಿಸ್ತಾರೆ, ನನಗೆ ಅದು ಇಷ್ಟ ಇಲ್ಲ. ವ್ಯಾಪಾರವೇ ಆಗದ ವಾರಕ್ಕೆ ದರ ಎಲ್ಲಿಂದ ಬರುತ್ತೆ?

ಹಳೇ ಕೀಬೋರ್ಡ್
ಮೊದಲ ಸಾಲಿನ `format` ಬಗ್ಗೆ ಯಾರೂ ಮಾತಾಡಿಲ್ಲ. ಅಲ್ಲೇ ಜಾಸ್ತಿ ಜನ ಎಡವೋದು. 08/02/2024 ಅಂದ್ರೆ ನಮಗೆ ಫೆಬ್ರವರಿ 8, ಗುರುವಾರ. ತಂತ್ರಾಂಶ ಅದನ್ನು ಆಗಸ್ಟ್ 2 ಅಂತ ಓದಿದರೆ ಶುಕ್ರವಾರ ಆಗುತ್ತೆ. ಬ್ಯಾಡಗಿಯಲ್ಲಿ ಟೆಂಡರ್ ನಡೆಯೋದು ಸೋಮವಾರ ಮತ್ತು ಗುರುವಾರ. ಹಾಗಾಗಿ ವಾರದ ದಿನಗಳ ಎಣಿಕೆ ತೆಗೆದು ನೋಡಿ. ಬೇರೆ ದಿನಗಳಲ್ಲಿ ದೊಡ್ಡ ಆವಕ ಕಂಡರೆ ತಾರೀಕು ತಿರುಗಿದೆ ಅಂತ ಅನುಮಾನ ಪಡಬಹುದು.

ಆದರೆ ಇದೊಂದನ್ನೇ ನಂಬಬೇಡಿ. 05/02/2024 ಸೋಮವಾರ. ಅದು ತಿರುಗಿ ಮೇ 2 ಆದರೆ ಗುರುವಾರ! ಜರಡಿಯಲ್ಲಿ ನುಣುಚಿಕೊಂಡು ಹೋಗುತ್ತೆ. ಫೆಬ್ರವರಿಯ ದೊಡ್ಡ ಆವಕ ಮೇ ತಿಂಗಳಲ್ಲಿ ಹೋಗಿ ಕೂರುತ್ತೆ, ನೀವು ಮೇನಲ್ಲಿ ಯಾಕೆ ಇಷ್ಟು ಬಂತು ಅಂತ ತಲೆ ಕೆರೆದುಕೊಳ್ತಾ ಇರ್ತೀರಿ.

ಎರಡು ತಾಣದವ
ಇನ್ನೊಂದು ಸೇರಿಸಿಕೊಳ್ಳಿ. ಕೇಂದ್ರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಆವಕ ಟನ್‌ನಲ್ಲಿ ಇರುತ್ತೆ, ದರ ಮಾತ್ರ ಕ್ವಿಂಟಲ್‌ಗೆ. ನಮ್ಮ ರಾಜ್ಯದ ತಾಣದಲ್ಲಿ ಆವಕ ಕ್ವಿಂಟಲ್. ಒಂದು ತಿಂಗಳು ಅಲ್ಲಿಂದ, ಒಂದು ತಿಂಗಳು ಇಲ್ಲಿಂದ ತಂದು ಅಂಟಿಸಿದರೆ ಆವಕ ಹತ್ತು ಪಟ್ಟು ಹಾರುತ್ತೆ ಅಥವಾ ಬೀಳುತ್ತೆ. ಒಂದೇ ದಿನದ ಅಂಕಿ ಎರಡೂ ಕಡೆಯಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿ, ಹತ್ತರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ.

ಕೋಲಾರದ ಕೆಂಪು
ನಮ್ಮಲ್ಲಿ ಬಾಕ್ಸ್ ಲೆಕ್ಕ. 15 ಕೆಜಿ ಬಾಕ್ಸ್. ಪಟ್ಟಿಯಲ್ಲಿ ಕ್ವಿಂಟಲ್ ದರ ಹಾಕಿದರೆ ನಮ್ಮ ಕಡೆ ಯಾರೂ ಓದಲ್ಲ. ಕ್ವಿಂಟಲ್ ದರವನ್ನ 100ರಿಂದ ಭಾಗಿಸಿ 15ರಿಂದ ಗುಣಿಸಿ ಹಾಕಿ, ಆಗ ಓದ್ತಾರೆ.

ಹಾವೇರಿ ಹುಡುಗ
ಇದು ಒಳ್ಳೇ ಮಾತು ಅಣ್ಣ. ಮೆಣಸಿನಕಾಯಿಗೆ ನಮ್ಮವರು ಚೀಲದ ಲೆಕ್ಕ ಹೇಳ್ತಾರೆ, ಆದರೆ ಚೀಲದ ತೂಕ ಎಲ್ಲರದೂ ಒಂದೇ ಇಲ್ಲ. ಹಾಗಾಗಿ ಕ್ವಿಂಟಲ್‌ನಲ್ಲೇ ಬಿಡ್ತೇನೆ.

ಈಗ ಪ್ರಶ್ನೆ ಇಷ್ಟೇ. ತಳಿವಾರು ಮೂರು ಗೆರೆ ಹಾಕ್ತೇನೆ, ಸರಿ. ಆದರೆ ನಮ್ಮ ನಿರ್ದೇಶಕರಿಗೆ "ಒಟ್ಟಾರೆ ಮೆಣಸಿನಕಾಯಿ" ಅಂತ ಒಂದೇ ಅಂಕಿ ಬೇಕು. ಅದಕ್ಕೇನು ಮಾಡಲಿ?

ಲೆಕ್ಕದ ಮೇಷ್ಟ್ರು
ತೂಕವನ್ನು ಕಟ್ಟಿಹಾಕಿ. ಪ್ರತಿ ವಾರದ ಆವಕ ಬಳಸಬೇಡಿ. ಒಂದು ಆಧಾರದ ಅವಧಿ ಆರಿಸಿ ಆ ಪ್ರಮಾಣವನ್ನೇ ಎಲ್ಲ ವಾರಗಳಿಗೂ ಬಳಸಿ. ನನ್ನ ಉದಾಹರಣೆಯಲ್ಲಿ ಮೊದಲ ವಾರದ 1,000, 3,000, 2,000 ಕ್ವಿಂಟಲ್‌ಗಳನ್ನೇ ಎರಡನೇ ವಾರದ ದರಕ್ಕೂ ಹಾಕಿದರೆ 27,667 ಬರುತ್ತೆ. 26,667ರಿಂದ ಸರಿಯಾಗಿ ಸಾವಿರ ಏರಿಕೆ. ನಿಜವಾಗಿ ಒಂದು ವಾರವನ್ನೇ ಆಧಾರ ಮಾಡಬೇಡಿ, ಹೋದ ಹಂಗಾಮಿನ ಒಟ್ಟು ಆವಕ ತೆಗೆದುಕೊಳ್ಳಿ.

ಮಂಡಿ ಮುನ್ಷಿ
ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ನಮಸ್ಕಾರ. ಆದರೆ ಆ 27,667ಕ್ಕೆ ಮೆಣಸಿನಕಾಯಿ ಕೊಂಡವರೂ ಇಲ್ಲ, ಮಾರಿದವರೂ ಇಲ್ಲ. ಡಬ್ಬಿ ಕೊಳ್ಳುವವನು ಬಣ್ಣಕ್ಕೆ ಕೊಳ್ತಾನೆ, ಗುಂಟೂರು ಕೊಳ್ಳುವವನು ಖಾರಕ್ಕೆ. ಅವೆರಡನ್ನು ಕಲಸಿ ಒಂದು ಅಂಕಿ ಯಾಕೆ ಬೇಕು? ನಿರ್ದೇಶಕರಿಗೆ ಮೂರು ಸಾಲು ಓದೋಕೆ ಪುರುಸೊತ್ತಿಲ್ಲವಾ?

ಲೆಕ್ಕದ ಮೇಷ್ಟ್ರು
ಅವರಿಗೆ ಸಾಲ, ದಾಸ್ತಾನು ನೋಡೋಕೆ ಒಂದು ಸೂಚ್ಯಂಕ ಬೇಕಾಗಬಹುದು. ರೂಪಾಯಿಯಲ್ಲಿ ತೋರಿಸೋದು ಬೇಡ ಅಂದ್ರೆ ಆಧಾರ 100 ಮಾಡಿ. ಈ ವಾರ 103.75 ಅಂತ ಹಾಕಿ. ಆಗ ಯಾರೂ ಅದನ್ನು ದರ ಅಂತ ತಪ್ಪು ತಿಳಿಯಲ್ಲ.

ಮಂಡಿ ಮುನ್ಷಿ
ನಮ್ಮ ರೈತರಿಗೆ 103.75 ಅಂತ ಹೇಳಿ ನೋಡಿ, ಜ್ವರ ಬಂದಿದೆ ಅಂದ್ಕೋತಾರೆ.

ಗೆರೆ ಗೀಚುವವ
😂😂 ಇದಕ್ಕೆ ಮಾತ್ರ ಮುನ್ಷಿಗಳಿಗೆ ನನ್ನ ಮತ.

ಮಂಡಿ ಮುನ್ಷಿ
ನಗು ಸಾಕು, ಒಂದು ವಿಷಯ ಉಳಿದಿದೆ. ತಳಿವಾರು ಮಾಡಿದರೆ ಎಲ್ಲ ಸರಿ ಹೋಯ್ತು ಅಂತ ಹುಡುಗ ನೆಮ್ಮದಿಯಾಗಿ ಮಲಗೋದು ಬೇಡ.

ಒಂದೇ ತಳಿಯ ಒಳಗೂ ಎರಡು ರಾಶಿ ಇರುತ್ತೆ. ಹಂಗಾಮಿನಲ್ಲಿ ದರ ಸಿಗದೆ ಕೋಲ್ಡ್ ಸ್ಟೋರೇಜಿಗೆ ಹಾಕಿದ ಹಳೇ ಕಡ್ಡಿ ಒಂದು. ಹೊಲದಿಂದ ಈಗ ಬಂದ ಹೊಸ ಕಡ್ಡಿ ಇನ್ನೊಂದು. ಪಟ್ಟಿಯಲ್ಲಿ ಎರಡೂ "ಕಡ್ಡಿ". ಹೊಸದು 30,000ಕ್ಕೆ, ಹಳೇದು 20,000ಕ್ಕೆ ಹೋಗ್ತಾ ಇದೆ ಅಂದ್ಕೋ. ಸೋಮವಾರ ಹೊಸ ಮಾಲು ಜಾಸ್ತಿ, ಮೋಡಲ್ 30,000. ಗುರುವಾರ ಹಳೇ ಮಾಲು ಜಾಸ್ತಿ, ಮೋಡಲ್ 20,000. ಒಂದು ಲಾಟಿನ ದರವೂ ಬದಲಾಗಿಲ್ಲ, ಮೋಡಲ್ ಹತ್ತು ಸಾವಿರ ಜಿಗಿಯಿತು. ಸರಾಸರಿಯಾಗಿದ್ದರೆ ನಿಧಾನಕ್ಕೆ ಜಾರುತ್ತಿತ್ತು. ಮೋಡಲ್ ಒಂದು ರಾಶಿಯಿಂದ ಇನ್ನೊಂದು ರಾಶಿಗೆ ನೆಗೆಯುತ್ತೆ. ಮಾಲು ಹಸಿಯಾಗಿ ಬಂದ ದಿನವೂ ಹೀಗೇ ಆಗುತ್ತೆ.

ಸವಿ ಸ್ಪ್ರೆಡ್‌ಶೀಟ್
ಅಯ್ಯೋ, ಇದನ್ನ ಅಂಕಿಯಿಂದ ಹಿಡಿಯೋದು ಹೇಗೆ?

ಮಂಡಿ ಮುನ್ಷಿ
ಪೂರ್ತಿ ಹಿಡಿಯೋಕೆ ಆಗಲ್ಲ ಅಮ್ಮ, ಲಾಟುವಾರು ಪಟ್ಟಿ ಬೇಕು. ಆದರೆ ವಾಸನೆ ಹಿಡಿಯಬಹುದು. ಕನಿಷ್ಠ ಗರಿಷ್ಠ ಎರಡೂ ಇದ್ದಲ್ಲೇ ಇದ್ದು ಮೋಡಲ್ ಮಾತ್ರ ಧಡಕ್ಕನೆ ಬಿದ್ದರೆ, ಅದು ರಾಶಿ ಬದಲಾದದ್ದು. ಮೂರೂ ಒಟ್ಟಿಗೆ ಬಿದ್ದರೆ ಪೇಟೆ ನಿಜವಾಗಿ ಬಿದ್ದಿದೆ. ಅನುಮಾನ ಬಂದರೆ ಒಬ್ಬ ದಲಾಲರಿಗೆ ಫೋನ್ ಮಾಡಿ "ಇವತ್ತು ಕೋಲ್ಡ್ ಸ್ಟೋರೇಜಿನ ಎಸಿ ಮಾಲು ಜಾಸ್ತಿನಾ?" ಅಂತ ಕೇಳಿ.

ಹಳೇ ಕೀಬೋರ್ಡ್
ಇದರ ಅರ್ಥ ಇನ್ನೊಂದಿದೆ. ಆವಕವನ್ನು ಮೋಡಲ್‌ನಿಂದ ಗುಣಿಸಿ "ಇಷ್ಟು ಕೋಟಿ ವಹಿವಾಟು" ಅಂತ ಬರೆಯೋರು ಇದ್ದಾರಲ್ಲ, ಅದು ಲೆಕ್ಕಕ್ಕೆ ನಿಲ್ಲಲ್ಲ. ಅರ್ಧ ಮಾಲು ಇನ್ನೊಂದು ರಾಶಿಯಲ್ಲಿ ಹೋಗಿರುತ್ತೆ.

ಗುರುವಾರದ ಗಿರಾಕಿ
ನಾನು ಬೆಳೆಗಾರ. ನಿಮ್ಮ ವಾರದ ಸರಾಸರಿಯೇ ನನಗೆ ಬೇಡ. 2024ರ ಮಾರ್ಚ್ 11, ಸೋಮವಾರ ಬ್ಯಾಡಗಿಯಲ್ಲಿ ದರ ಕುಸಿದು ಜನ ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತಲ್ಲ, ಆವತ್ತು ಜನ ಹೋಲಿಸಿದ್ದು ಹಿಂದಿನ ಟೆಂಡರ್ ದಿನದ ದರದ ಜೊತೆ. ಹಿಂದಿನ ವಾರದ ಸರಾಸರಿ ಜೊತೆ ಅಲ್ಲ. ನಾಳೆ ಗಾಡಿ ತುಂಬಬೇಕಾ ಬೇಡವಾ ಅಂತ ನೋಡುವವನಿಗೆ ಕೊನೆಯ ಟೆಂಡರ್ ದರ ಬೇಕು.

ಸವಿ ಸ್ಪ್ರೆಡ್‌ಶೀಟ್
ಅದು ನಿಜ. ಆದರೆ ಒಂದೇ ದಿನದ ಮೋಡಲ್ ಹೇಗೆ ನೆಗೆಯುತ್ತೆ ಅಂತ ಮುನ್ಷಿಗಳು ಈಗಷ್ಟೇ ಹೇಳಿದರಲ್ಲ. ದಿನದ ದರ ನೋಡಿ ಗಾಡಿ ನಿಲ್ಲಿಸೋದೂ ಅಪಾಯವೇ.

ಗುರುವಾರದ ಗಿರಾಕಿ
ಎರಡನ್ನೂ ಹಾಕಿ ಹಾಗಾದ್ರೆ. ವಾರದ್ದು ಗೆರೆಯಲ್ಲಿ, ಕೊನೆಯ ಟೆಂಡರಿನದು ಅಂಕಿಯಲ್ಲಿ.

ಹಾವೇರಿ ಹುಡುಗ
ಈ ಶನಿವಾರಕ್ಕೆ ಹೀಗೆ ಮಾಡಿದ್ದೇನೆ, ನೋಡಿ. ಮೇಷ್ಟ್ರ ಅಂಕಿಗಳನ್ನೇ ತುಂಬಿದ್ದೇನೆ, ಗುರುವಾರದ ದರ ಮಾತ್ರ ನಂದು:

> ಕಡ್ಡಿ: ವಾರದ ದರ 31,000 (ಹೋದ ವಾರ 30,000). ಗುರುವಾರ 31,400. ಆವಕ 3,000 ಕ್ವಿಂ., ಹೋದ ವಾರದಷ್ಟೇ.
> ಡಬ್ಬಿ: ವಾರದ ದರ 41,000 (ಹೋದ ವಾರ 40,000). ಗುರುವಾರ 41,000. ಆವಕ 1,000 ಕ್ವಿಂ.
> ಗುಂಟೂರು: ವಾರದ ದರ 16,000 (ಹೋದ ವಾರ 15,000). ಗುರುವಾರ 16,200. ಆವಕ 6,000 ಕ್ವಿಂ., ಹೋದ ವಾರ 2,000.

ಕೆಳಗೆ ತಳಿಗೆ ಒಂದರಂತೆ ಮೂರು ಪುಟ್ಟ ಚಾರ್ಟ್. ಆವಕ ಕಂಬದಲ್ಲಿ, ದರ ಗೆರೆಯಲ್ಲಿ. ಒಟ್ಟು ಅಂಕಿ ಗುಂಪಿಗೆ ಹಾಕಲ್ಲ. ನಿರ್ದೇಶಕರಿಗೆ ಮಾತ್ರ ಮೇಷ್ಟ್ರ ಸೂಚ್ಯಂಕ ಬೇರೆ ಕಳಿಸ್ತೇನೆ.

ಮಂಡಿ ಮುನ್ಷಿ
ಚೆನ್ನಾಗಿದೆ. ಓದಿದ ತಕ್ಷಣ ಗುಂಟೂರು ಸುರಿದಿದೆ ಅಂತ ಗೊತ್ತಾಗುತ್ತೆ.

ಮಲೆನಾಡ ತೋಟ
ಹೋದ ವರ್ಷ ಇದೇ ವಾರದ ದರವನ್ನೂ ಹಾಕಿ. ನಾವು ಯಾವಾಗಲೂ ಅದನ್ನೇ ನೋಡೋದು.

ಲೆಕ್ಕದ ಮೇಷ್ಟ್ರು
ಅಡಿಕೆಗೆ ಸರಿ ಇರಬಹುದು, ಮೆಣಸಿನಕಾಯಿಗೆ ಎಚ್ಚರ. ಮಳೆ ತಡವಾಗಿ ನಿಂತ ವರ್ಷ ಕೊಯ್ಲು ಎರಡು ಮೂರು ವಾರ ಹಿಂದೆ ಬೀಳುತ್ತೆ. ಹೋದ ವರ್ಷದ ಈ ವಾರ ಆವಕದ ತುದಿಯಲ್ಲಿತ್ತು, ಈ ವರ್ಷ ಇನ್ನೂ ಶುರುವಿನಲ್ಲಿದೆ ಅಂದ್ರೆ ಹೋಲಿಕೆಯೇ ತಪ್ಪಾಗುತ್ತೆ. ಕ್ಯಾಲೆಂಡರ್ ವಾರದ ಬದಲು ಆವಕ ಶುರುವಾದ ವಾರದಿಂದ ಎಣಿಸಿ.

ಮಲೆನಾಡ ತೋಟ
ಆವಕ "ಶುರು" ಆಯ್ತು ಅಂತ ಯಾರು ತೀರ್ಮಾನ ಮಾಡೋದು? ಮೊದಲ ನಾಲ್ಕು ಚೀಲ ಬಂದಾಗಲೋ, ಲಾರಿ ಸಾಲು ನಿಂತಾಗಲೋ?

ಲೆಕ್ಕದ ಮೇಷ್ಟ್ರು
ಹೋದ ಹಂಗಾಮಿನ ಒಟ್ಟು ಆವಕದ ನೂರಕ್ಕೆ ಐದರಷ್ಟು ಬಂದ ವಾರ ಅಂತ ಇಟ್ಟುಕೊಳ್ಳಬಹುದು.

ಮಂಡಿ ಮುನ್ಷಿ
ಈ ವರ್ಷ ಬೆಳೆಯೇ ಅರ್ಧ ಇದ್ದರೆ ನಿಮ್ಮ ಐದು ತುಂಬೋ ಹೊತ್ತಿಗೆ ಹಂಗಾಮು ಎಷ್ಟೋ ಮುಂದೆ ಹೋಗಿರುತ್ತೆ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು
ಸರಿ, ಅದಕ್ಕೆ ಬೇರೆ ಏನಾದರೂ ಯೋಚನೆ ಮಾಡಬೇಕು. ಹಳೇ ಕೀಬೋರ್ಡ್, ನಿಮ್ಮ ಹತ್ತಿರ ಐದಾರು ಹಂಗಾಮಿನ ಅಂಕಿ ಇದ್ದರೆ ಕಳಿಸಿ, ಎರಡು ಮೂರು ರೀತಿ ಹಾಕಿ ನೋಡೋಣ.

ಹಳೇ ಕೀಬೋರ್ಡ್
ಇದೆ. ಆದರೆ ಎರಡು ವರ್ಷದ್ದು ಟನ್‌ನಲ್ಲಿದೆ, ಉಳಿದದ್ದು ಕ್ವಿಂಟಲ್. ಸರಿ ಮಾಡಿ ರಾತ್ರಿ ಹಾಕ್ತೇನೆ.